ಹತ್ತು ಇಳಿದರೆ ಇಪ್ಪತ್ತು ಇಳಿಸು

1983ರ ಕೊನೆಯಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ರಿಚರ್ಡ್ ಡೆನಿಸ್ ಎಂಬ ಸರಕು ಪೇಟೆಯ ವರ್ತಕ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ. ತನ್ನ ವಿಧಾನವನ್ನು ಕಲಿತು, ತನ್ನದೇ ಹಣದಲ್ಲಿ ವಹಿವಾಟು ನಡೆಸುವವರು ಬೇಕು ಎಂಬುದು ಅದರ ಸಾರ. ಸಾಲ ತಂದ ಕೆಲವೇ ನೂರು ಡಾಲರ್‌ಗಳಿಂದ ಕೋಟ್ಯಂತರ ಡಾಲರ್ ಗಳಿಸಿದ್ದ ಡೆನಿಸ್‌ಗೂ ಅವನ ಗೆಳೆಯ, ಗಣಿತ ಬಲ್ಲ ವಿಲಿಯಂ ಎಕ್‌ಹಾರ್ಟ್‌ಗೂ ಒಂದು ವಾದವಿತ್ತು. ಒಳ್ಳೆಯ ವರ್ತಕನನ್ನು ತರಬೇತಿಯಿಂದ ರೂಪಿಸಬಹುದು ಎನ್ನುವುದು ಡೆನಿಸ್‌ನ ಪಟ್ಟು. ಎಕ್‌ಹಾರ್ಟ್ ಅದನ್ನು ಒಪ್ಪುತ್ತಿರಲಿಲ್ಲ. ವಾದ ಬಗೆಹರಿಸಲೆಂದೇ ಜನರನ್ನು ಆರಿಸಿ ಎರಡು ವಾರ ಪಾಠ ಮಾಡಿದರು. ಸಿಂಗಪುರದಲ್ಲಿ ಆಮೆ ಸಾಕುವುದನ್ನು ಕಂಡು ಬಂದಿದ್ದ ಡೆನಿಸ್ ತನ್ನ ಶಿಷ್ಯರನ್ನು ‘ಆಮೆಗಳು’ ಎಂದು ಕರೆದ. ಟರ್ಟಲ್ ಟ್ರೇಡರ್ಸ್ ಎಂಬ ಹೆಸರು ಹುಟ್ಟಿದ್ದು ಹೀಗೆ.

ಆ ತಂಡದ ನಿಯಮಗಳು ಮುಂದೆ ಪುಸ್ತಕಗಳಲ್ಲಿ ಬಂದವು. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬ ಸೂತ್ರಗಳನ್ನು ಜಗತ್ತಿನಾದ್ಯಂತ ಜನ ಬಾಯಿಪಾಠ ಮಾಡಿದರು. ಅದೇ ನಿಯಮಾವಳಿಯೊಳಗೆ ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಇನ್ನೊಂದು ಸೂಚನೆ ಇದೆ. ನಷ್ಟ ಇಷ್ಟಕ್ಕೆ ಬಂದಾಗ ವಹಿವಾಟಿನ ಗಾತ್ರವನ್ನು ಎಷ್ಟು ಇಳಿಸಬೇಕು, ಎಲ್ಲಿಗೆ ಬಂದ ಮೇಲೆ ಮತ್ತೆ ಏರಿಸಬೇಕು ಎಂಬುದು ಅದರ ವಿಷಯ. ಕೊಳ್ಳುವ ಸೂತ್ರಕ್ಕಿಂತ ಹೆಚ್ಚು ದಿನ ಖಾತೆಯನ್ನು ಕಾಯುವುದು ಈ ಸೂಚನೆಯೇ.

ಇದನ್ನು ಅರಿಯಲು ಮೊದಲು ಅವರ ಗಾತ್ರದ ಲೆಕ್ಕ ತಿಳಿಯಬೇಕು. ಪ್ರತಿ ಸರಕಿನ ಬೆಲೆ ದಿನಕ್ಕೆ ಸರಾಸರಿ ಎಷ್ಟು ಅಲುಗಾಡುತ್ತದೆ ಎಂಬುದನ್ನು ಹಿಂದಿನ 20 ದಿನಗಳಿಂದ ತೆಗೆದು ಅದಕ್ಕೆ ‘ಎನ್’ ಎಂದು ಹೆಸರಿಟ್ಟಿದ್ದರು. ಒಂದು ದಿನದ ಆ ಅಲುಗಾಟ ಬಂಡವಾಳದ ಶೇ 1ಕ್ಕೆ ಸಮನಾಗುವಷ್ಟು ಕಾಂಟ್ರಾಕ್ಟ್‌ಗಳೇ ಒಂದು ‘ಯೂನಿಟ್’. ಉದಾಹರಣೆಗೆ ಹೀಟಿಂಗ್ ಆಯಿಲ್, ಅಂದರೆ ಮನೆ ಬೆಚ್ಚಗಿಡುವ ಎಣ್ಣೆಯ ಫ್ಯೂಚರ್ಸ್ ಅನ್ನು ನೋಡಬಹುದು. ಒಂದು ಕಾಂಟ್ರಾಕ್ಟ್ ಎಂದರೆ 42,000 ಗ್ಯಾಲನ್. ಗ್ಯಾಲನ್‌ಗೆ ದಿನದ ಅಲುಗಾಟ 0.0141 ಡಾಲರ್ ಇದ್ದರೆ ಒಂದು ಕಾಂಟ್ರಾಕ್ಟ್ ದಿನಕ್ಕೆ ಸುಮಾರು 592 ಡಾಲರ್‌ನಷ್ಟು ಏರಿಳಿಯುತ್ತದೆ. ಬಂಡವಾಳ 10 ಲಕ್ಷ ಡಾಲರ್ ಆದರೆ ಅದರ ಶೇ 1 ಅಂದರೆ 10,000. ಅದನ್ನು 592ರಿಂದ ಭಾಗಿಸಿದರೆ 16.9 ಬರುತ್ತದೆ. ಭಿನ್ನವನ್ನು ಕೈಬಿಟ್ಟು 16 ಕಾಂಟ್ರಾಕ್ಟ್. ಪ್ರತಿ ಸೋಮವಾರ ಆಮೆಗಳ ಕೈಗೆ ಈ ಅಂಕಿಗಳ ಹಾಳೆ ಸಿಗುತ್ತಿತ್ತು.

ಇಲ್ಲಿ ‘ಬಂಡವಾಳ’ ಎಂದರೆ ಖಾತೆಯಲ್ಲಿ ಅಂದು ಉಳಿದ ಹಣವಲ್ಲ. ವರ್ಷದ ಆರಂಭದಲ್ಲಿ ಡೆನಿಸ್ ಪ್ರತಿಯೊಬ್ಬರಿಗೂ ಒಂದು ಮೊತ್ತ ನಿಗದಿ ಮಾಡುತ್ತಿದ್ದ. ಅದನ್ನು ಲೆಕ್ಕದ ಬಂಡವಾಳ ಎನ್ನೋಣ. ಗಾತ್ರದ ಗಣಿತವೆಲ್ಲ ನಡೆಯುವುದು ಅದರ ಮೇಲೆ. ಇಳಿತದ ನಿಯಮ ಕೈ ಹಾಕುವುದೂ ಅದಕ್ಕೇ: ಖಾತೆ ಶೇ 10ರಷ್ಟು ಕರಗಿದರೆ ಲೆಕ್ಕದ ಬಂಡವಾಳವನ್ನು ಶೇ 20ರಷ್ಟು ಇಳಿಸಬೇಕು. 10 ಲಕ್ಷದಲ್ಲಿ 1 ಲಕ್ಷ ಹೋಯಿತೆಂದರೆ ಕೈಯಲ್ಲಿ 9 ಲಕ್ಷ ಇದ್ದರೂ 8 ಲಕ್ಷ ಮಾತ್ರ ಇದೆ ಎಂದುಕೊಂಡು ವಹಿವಾಟು ನಡೆಸಬೇಕು. ಆ 8 ಲಕ್ಷದ ಶೇ 10, ಅಂದರೆ ಇನ್ನೂ 80,000 ಹೋದರೆ ಮತ್ತೆ ಶೇ 20 ಕಡಿತವಾಗಿ 6.4 ಲಕ್ಷಕ್ಕೆ ಇಳಿಯಬೇಕು. ಹೀಟಿಂಗ್ ಆಯಿಲ್‌ನ 16 ಕಾಂಟ್ರಾಕ್ಟ್ ಮೊದಲ ಮೆಟ್ಟಿಲಲ್ಲಿ 13 ಆಗುತ್ತದೆ, ಎರಡನೆಯದರಲ್ಲಿ 10.

ಶೇ 10 ಹೋದದ್ದಕ್ಕೆ ಶೇ 10 ಇಳಿಸಿದರೆ ಸಾಲದೇ? ಇಪ್ಪತ್ತು ಏಕೆ?

ಉತ್ತರ ಮೆಟ್ಟಿಲುಗಳನ್ನು ಕೂಡಿಸಿ ನೋಡಿದಾಗ ಸಿಗುತ್ತದೆ. ಮೊದಲ ಮೆಟ್ಟಿಲ ನಷ್ಟ 1 ಲಕ್ಷ, ಎರಡನೆಯದು 80,000, ಮೂರನೆಯದು 64,000, ನಾಲ್ಕನೆಯದು 51,200. ಪ್ರತಿ ನಷ್ಟವೂ ಹಿಂದಿನದರ ಐದರಲ್ಲಿ ನಾಲ್ಕು ಭಾಗ. ಹೀಗೆ ಎಷ್ಟು ಮೆಟ್ಟಿಲು ಇಳಿದರೂ ಒಟ್ಟು ಮೊತ್ತ 5 ಲಕ್ಷದ ಹತ್ತಿರಕ್ಕೆ ಹೋಗುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ಅಂದರೆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ, ಬೆಲೆಗಳು ಮೆಟ್ಟಿಲುಗಳನ್ನು ಹಾರಿ ಹೋಗದಿದ್ದರೆ, ಖಾತೆಯ ಅರ್ಧ ಉಳಿದೇ ಇರುತ್ತದೆ. ನಷ್ಟದಷ್ಟೇ ಪ್ರಮಾಣದಲ್ಲಿ ಗಾತ್ರ ಇಳಿಸುತ್ತ ಹೋದರೆ ಇಂಥ ತಳ ಸಿಗುವುದಿಲ್ಲ, ಖಾತೆ ನಿಧಾನವಾಗಿ ಸೊನ್ನೆಯ ಕಡೆಗೇ ಸವೆಯುತ್ತದೆ. ಗಾತ್ರವನ್ನು ಇಳಿಸದೇ ಇದ್ದರಂತೂ ಹತ್ತು ಬಾರಿ ಶೇ 10 ಹೋದರೆ ಎಲ್ಲವೂ ಮುಗಿಯುತ್ತದೆ. ನಷ್ಟದ ಎರಡರಷ್ಟು ಕಡಿತ ಎಂಬ ಒಂದೇ ಆಯ್ಕೆ ಖಾತೆಯ ಅಡಿಗೆ ಹೀಗೊಂದು ಗಟ್ಟಿ ನೆಲ ಹಾಕಿಕೊಡುತ್ತದೆ.

ಕಡಿತದ ಹಿಂದೆ ಇನ್ನೊಂದು ಕಾರಣವೂ ಇದೆ. ಸೋಲುಗಳ ಸಾಲು ಬಂದಾಗ ಅದು ಬರೀ ದುರದೃಷ್ಟವೋ, ವಿಧಾನವೇ ಕೆಟ್ಟಿದೆಯೋ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ಶೇ 5ರ ಇಳಿತದಲ್ಲಿ ಕೇಳದ ಪ್ರಶ್ನೆಯನ್ನು ಶೇ 18ರ ಇಳಿತದಲ್ಲಿ ಕೇಳಲೇಬೇಕು. ಉತ್ತರ ಸಿಗುವ ತನಕ ಕಡಿಮೆ ಹಣ ಹೂಡುವುದು ಅನುಮಾನಕ್ಕೆ ತಕ್ಕ ನಡೆ. ಪಾಲ್ ಟ್ಯೂಡರ್ ಜೋನ್ಸ್‌ನಂಥ ಹೆಸರಾಂತ ವರ್ತಕರೂ, ಕೆಟ್ಟ ಕಾಲದಲ್ಲಿ ತಮ್ಮ ವಹಿವಾಟು ಅತಿ ಚಿಕ್ಕದಾಗಿರಬೇಕು ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದ್ದಾರೆ.

ಇಳಿಸುವುದು ಹೀಗೆ ಸರಳ. ಕಷ್ಟವಿರುವುದು ಏರಿಸುವುದರಲ್ಲಿ.

ಆಮೆಗಳ ಲಿಖಿತ ನಿಯಮ ಈ ಬಗ್ಗೆ ಹೇಳುವುದು ಇಷ್ಟೇ: ಖಾತೆ ವರ್ಷಾರಂಭದ ಮೊತ್ತಕ್ಕೆ ಮರಳುವ ತನಕ ಚಿಕ್ಕ ಗಾತ್ರದಲ್ಲೇ ಇರಬೇಕು. ಕೇಳಲು ಹಿತವಾಗಿದೆ. ಆದರೆ ಚಿಕ್ಕ ಗಾತ್ರದಲ್ಲಿ ಕಳೆದುಕೊಳ್ಳುವುದು ಕಡಿಮೆಯಾದಂತೆ ಗಳಿಸುವುದೂ ಕಡಿಮೆ. 1.8 ಲಕ್ಷ ಕಳೆದುಕೊಂಡು 6.4 ಲಕ್ಷದ ಲೆಕ್ಕದಲ್ಲಿ ವಹಿವಾಟು ನಡೆಸುವವರು ಅಷ್ಟನ್ನೂ ವಾಪಸ್ ಗಳಿಸಬೇಕಾದರೆ ಆ 6.4 ಲಕ್ಷದ ಮೇಲೆ ಶೇ 28ಕ್ಕಿಂತ ಹೆಚ್ಚು ಲಾಭ ಬರಬೇಕು. ಗಾತ್ರ ಇಳಿಸದೇ ಇದ್ದಿದ್ದರೆ ಶೇ 18 ಸಾಕಿತ್ತು. ವಿಧಾನವೊಂದು ವರ್ಷಕ್ಕೆ ಸರಾಸರಿ ಶೇ 20 ಗಳಿಸಿಕೊಡುತ್ತದೆ ಎಂದಿಟ್ಟುಕೊಂಡರೆ 11 ತಿಂಗಳ ದಾರಿ 17 ತಿಂಗಳಿಗೆ ಹಿಗ್ಗುತ್ತದೆ. ಬೆಲೆಯ ಓಟವನ್ನು ಹಿಂಬಾಲಿಸುವ ಇಂಥ ವಿಧಾನಗಳಲ್ಲಿ ವರ್ಷದ ಲಾಭವೆಲ್ಲ ಎರಡು ಮೂರು ದೊಡ್ಡ ಓಟಗಳಿಂದ ಬರುವುದು ಸಾಮಾನ್ಯ. ಅಂಥ ಓಟ ಗಾತ್ರ ಇಳಿಸಿದ ಅವಧಿಯಲ್ಲೇ ಬಂದರೆ ಅದರ ಪೂರ್ತಿ ಫಲ ಕೈಗೆ ಸಿಗುವುದಿಲ್ಲ. ಈ ನಿಯಮ ಕೇಳುವ ಬೆಲೆ ಇದು, ಅದನ್ನು ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ಬೇಗ ಏರಿಸಿದರೆ? ಇಲ್ಲೇ ಬಹಳಷ್ಟು ಜನ ಜಾರುತ್ತಾರೆ. ಇಳಿಸಿದ ಗೆರೆಯಲ್ಲೇ ಏರಿಸುವ ನಿಯಮ ಮಾಡಿಕೊಂಡವರೊಬ್ಬರ ಖಾತೆಯನ್ನು ನಮ್ಮ ರೂಪಾಯಿಯಲ್ಲಿ ಊಹಿಸಿಕೊಳ್ಳಬಹುದು. 10 ಲಕ್ಷ 9 ಲಕ್ಷವಾದಾಗ ಅವರು 8 ಲಕ್ಷದ ಲೆಕ್ಕಕ್ಕೆ ಇಳಿದರು. ಆ ಲೆಕ್ಕದ ಮೇಲೆ ಶೇ 3 ಲಾಭ ಬಂದು 24,000 ಸೇರಿತು. ಖಾತೆ 9.24 ಲಕ್ಷ, ಗೆರೆಯ ಮೇಲೆ ಬಂದಾಯಿತು ಎಂದು ಮತ್ತೆ 10 ಲಕ್ಷದ ಲೆಕ್ಕ. ಈಗ ಶೇ 3 ನಷ್ಟವಾದರೆ ಹೋಗುವುದು 30,000. ಖಾತೆ 8.94 ಲಕ್ಷಕ್ಕೆ ಬಂತು, ಮತ್ತೆ ಕಡಿತ. ಶೇ 3 ಮೇಲೆ, ಶೇ 3 ಕೆಳಗೆ ಎಂಬ ಒಂದು ಸುತ್ತಿನಲ್ಲಿ ಗಾತ್ರ ಬದಲಿಸದವರಿಗೆ ನಷ್ಟ ಸೊನ್ನೆ, ಇವರಿಗೆ 6,000. ಪೇಟೆ ದಿಕ್ಕಿಲ್ಲದೆ ಅತ್ತಿತ್ತ ಆಡುವ ಕಾಲದಲ್ಲಿ ಇಂಥ ಹತ್ತು ಸುತ್ತು ಬಂದರೆ 60,000 ಹೋಗುತ್ತದೆ. ಗೆಲ್ಲುವಾಗ ಚಿಕ್ಕದಾಗಿ, ಸೋಲುವಾಗ ದೊಡ್ಡದಾಗಿ ಇರುವ ಏರ್ಪಾಟನ್ನು ಅವರು ತಾವೇ ಮಾಡಿಕೊಂಡಂತಾಯಿತು. ಖಾತೆಯ ವಿವರಪಟ್ಟಿಯಲ್ಲಿ ಇದನ್ನು ಗುರುತಿಸುವುದು ಸುಲಭ: ದೊಡ್ಡ ಗಾತ್ರದ ದಿನಗಳಲ್ಲಿ ನಷ್ಟ ಹೆಚ್ಚು, ಚಿಕ್ಕ ಗಾತ್ರದ ದಿನಗಳಲ್ಲಿ ಲಾಭ ಹೆಚ್ಚು, ಗಾತ್ರ ಬದಲಾದ ದಿನಾಂಕಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ.

ಮನೆಯ ಮೇಲಿನ ನೀರಿನ ಟ್ಯಾಂಕ್‌ಗೆ ಹಾಕುವ ತಾನೇ ನಡೆಯುವ ಸ್ವಿಚ್ಚು ಇದೇ ತೊಂದರೆಯನ್ನು ಎರಡು ಗೆರೆಗಳಿಂದ ಬಗೆಹರಿಸಿಕೊಂಡಿದೆ. ನೀರು ಕೆಳಗಿನ ಗೆರೆಗೆ ಇಳಿದಾಗ ಮೋಟಾರು ಶುರು, ಮೇಲಿನ ಗೆರೆ ಮುಟ್ಟಿದಾಗ ಬಂದ್. ಎರಡೂ ಒಂದೇ ಗೆರೆಯಾಗಿದ್ದರೆ ಮೋಟಾರು ನಿಮಿಷಕ್ಕೊಮ್ಮೆ ಆನ್ ಆಫ್ ಆಗಿ ಸುಟ್ಟುಹೋದೀತು. ಗಾತ್ರದ ನಿಯಮಕ್ಕೂ ಇಳಿಸುವ ಗೆರೆ ಬೇರೆ, ಏರಿಸುವ ಗೆರೆ ಬೇರೆ ಇರಬೇಕು. ಆಮೆಗಳು ಈ ಅಂತರವನ್ನು ಅತಿ ಹೆಚ್ಚು ಇಟ್ಟಿದ್ದರು: 9 ಲಕ್ಷಕ್ಕೆ ಇಳಿಸಿ, ಪೂರ್ತಿ 10 ಲಕ್ಷಕ್ಕೆ ಬಂದ ಮೇಲಷ್ಟೇ ಏರಿಸುವುದು.

ಇವೆರಡರ ನಡುವೆ ಒಂದು ದಾರಿ ಇದೆ. ಆಯಾ ಮೆಟ್ಟಿಲಲ್ಲಿ ಕಳೆದುಕೊಂಡದ್ದರ ಅರ್ಧ ಮರಳಿದಾಗ ಒಂದು ಮೆಟ್ಟಿಲು ಹತ್ತುವುದು. ಎರಡು ಮೆಟ್ಟಿಲು ಇಳಿದು 8.2 ಲಕ್ಷದಲ್ಲಿರುವ ಖಾತೆ, ಎರಡನೇ ಮೆಟ್ಟಿಲಿನ 80,000ದ ಅರ್ಧವಾದ 40,000 ಗಳಿಸಿ 8.6 ಲಕ್ಷ ಮುಟ್ಟಿದಾಗ ಲೆಕ್ಕದ ಬಂಡವಾಳ 6.4ರಿಂದ 8 ಲಕ್ಷಕ್ಕೆ ಏರುತ್ತದೆ. ಅಲ್ಲಿಂದ 9.5 ಲಕ್ಷ ಮುಟ್ಟಿದರೆ ಪೂರ್ತಿ 10 ಲಕ್ಷ. ಮೂರು ಹಂತಗಳಲ್ಲಿ ಬೇಕಾದ ಲಾಭ ಕ್ರಮವಾಗಿ ಶೇ 6.25, ಶೇ 11.25, ಶೇ 5. ಒಟ್ಟು ಶೇ 22.5. ಪೂರ್ತಿ ಮರಳುವ ತನಕ ಕಾಯುವವರ ಶೇ 28ಕ್ಕೂ, ಇಳಿಸದೇ ಇದ್ದವರ ಶೇ 18ಕ್ಕೂ ಹೆಚ್ಚುಕಡಿಮೆ ನಡುವೆ ಬರುತ್ತದೆ. ಅದೇ ಶೇ 20ರ ವಿಧಾನದಲ್ಲಿ 17 ತಿಂಗಳ ದಾರಿ ಹದಿಮೂರೂವರೆ ತಿಂಗಳಿಗೆ ಇಳಿಯುತ್ತದೆ. ಏರಿಸಿದ ಮೇಲೆ ಮತ್ತೆ ಕೆಳಗೆ ಬೀಳುವ ಸಾಧ್ಯತೆ ಇಲ್ಲಿಯೂ ಇದೆ, ಆದರೆ ಪುನಃ ಕಡಿತದ ಗೆರೆ ಮುಟ್ಟಲು ಕನಿಷ್ಠ ಶೇ 5ರ ಹೊಸ ಇಳಿತ ಆಗಬೇಕು. ದಿನನಿತ್ಯದ ಏರಿಳಿತ ಅದನ್ನು ಮುಟ್ಟುವುದಿಲ್ಲ. ಸ್ವಂತ ಹಣದಲ್ಲಿ ವಹಿವಾಟು ನಡೆಸುವ ಸಾಮಾನ್ಯ ಜನರಿಗೆ ಆಮೆಗಳ ಮೂಲ ನಿಯಮಕ್ಕಿಂತ ಇದೇ ಹೆಚ್ಚು ಹೊಂದುತ್ತದೆ. ಆಮೆಗಳಿಗೆ ವರ್ಷ ತುಂಬಿದ ಮೇಲೆ ಮೊತ್ತವನ್ನು ಹೊಸದಾಗಿ ನಿಗದಿ ಮಾಡಲು ಡೆನಿಸ್ ಇದ್ದ. ಒಂಟಿಯಾಗಿ ಕೂತು ವಹಿವಾಟು ಮಾಡುವವರಿಗೆ ಹಾಗೆ ಕೈಹಿಡಿಯುವವರು ಯಾರೂ ಇಲ್ಲ. ಹಳೆಯ ಮೊತ್ತ ತೀರಾ ದೂರ ಕಂಡಾಗ ನಿಯಮವನ್ನೇ ಕೈಬಿಡುವ ಮನಸ್ಸಾಗುತ್ತದೆ.

ಗೆಲುವುಗಳನ್ನು ಎಣಿಸಿ ಏರಿಸುವವರೂ ಇದ್ದಾರೆ. ‘ಸತತ ಮೂರು ಗೆದ್ದರೆ ಹಳೆಯ ಗಾತ್ರ’ ಎನ್ನುವುದು ಅಂಥ ನಿಯಮ. ಇದನ್ನು ನಂಬಬಾರದು. ನೂರಕ್ಕೆ ನಲವತ್ತು ಬಾರಿ ಮಾತ್ರ ಗೆಲ್ಲುವ ವಿಧಾನದಲ್ಲೂ ಯಾವುದೇ 20 ವಹಿವಾಟುಗಳ ನಡುವೆ ಎಲ್ಲಾದರೂ ಒಂದು ಕಡೆ ಸತತ ಮೂರು ಗೆಲುವು ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದೆ. ಅಷ್ಟು ಸುಲಭವಾಗಿ ಬರುವ ಸಂಗತಿ ವಿಧಾನ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಆ ಗೆಲುವುಗಳು ಎಷ್ಟು ದೊಡ್ಡವು ಎಂಬುದನ್ನೂ ಅದು ಹೇಳುವುದಿಲ್ಲ.

ಎಣಿಸುವುದಾದರೆ ಬೇರೊಂದನ್ನು ಎಣಿಸಬೇಕು. 10 ಲಕ್ಷದ ಖಾತೆಯಲ್ಲಿ ಒಂದು ವಹಿವಾಟಿಗೆ ಶೇ 1, ಅಂದರೆ 10,000 ರೂಪಾಯಿ ಮಾತ್ರ ಕಳೆದುಕೊಳ್ಳಲು ಸಿದ್ಧರಿರುವವರು, ಕೊಂಡ ಬೆಲೆಗಿಂತ 40 ರೂಪಾಯಿ ಕೆಳಗೆ ಸ್ಟಾಪ್‌ಲಾಸ್ ಇಟ್ಟರೆ 250 ಷೇರು ಕೊಳ್ಳಬಹುದು. ಮೊದಲ ಕಡಿತದ ನಂತರ 8,000 ರೂಪಾಯಿಗೆ 200 ಷೇರು, ಎರಡನೆಯದರ ನಂತರ 6,400ಕ್ಕೆ 160 ಷೇರು. ಪ್ರತಿ ಹಂತದಲ್ಲೂ ಪಣಕ್ಕಿಟ್ಟ ಆ ಮೊತ್ತವನ್ನು ಟ್ರೇಡರ್‌ಗಳು ಒಂದು ‘ಆರ್’ ಎನ್ನುತ್ತಾರೆ. 200 ಷೇರುಗಳ ವಹಿವಾಟಿನಲ್ಲಿ 16,000 ಬಂದರೆ ಅದು ಎರಡು ಆರ್ ಲಾಭ, ಸ್ಟಾಪ್‌ಲಾಸ್ ಮುಟ್ಟಿದರೆ ಒಂದು ಆರ್ ನಷ್ಟ. ಗಾತ್ರ ಇಳಿಸಿದ ಮೇಲೆ ರೂಪಾಯಿಯ ನಷ್ಟಗಳು ತಾವಾಗಿ ಚಿಕ್ಕದಾಗಿ ಕಾಣುತ್ತವೆ, ಎಲ್ಲ ಸರಿಹೋಯಿತು ಎಂಬ ಭ್ರಮೆ ಹುಟ್ಟುತ್ತದೆ. ಆರ್ ಲೆಕ್ಕದಲ್ಲಿ ಆ ಭ್ರಮೆಗೆ ಜಾಗವಿಲ್ಲ. ಕಳೆದ 20 ವಹಿವಾಟುಗಳ ಆರ್ ಮೊತ್ತ ಇನ್ನೂ ಸೊನ್ನೆಗಿಂತ ಕೆಳಗಿದ್ದರೆ, ಒಂದೇ ಒಂದು ದೊಡ್ಡ ಲಾಭದಿಂದ ಖಾತೆ 9.5 ಲಕ್ಷ ಮುಟ್ಟಿದ್ದರೂ ಏರಿಸುವುದನ್ನು ಸ್ವಲ್ಪ ತಡೆಯಬಹುದು. ಹಣದ ಗೆರೆಯೇ ಮುಖ್ಯ ಮಾನದಂಡ, ಆರ್ ಮೊತ್ತ ಅದಕ್ಕೆ ಕಾವಲು.

ಇನ್ನು ಇಳಿತವನ್ನು ಎಲ್ಲಿಂದ ಅಳೆಯಬೇಕು ಎಂಬ ಮಾತು. ಖಾತೆ ಮುಟ್ಟಿದ ಅತಿ ಎತ್ತರದಿಂದ ಅಳೆಯುವುದು ಈಗ ಹೆಚ್ಚು ರೂಢಿಯಲ್ಲಿದೆ. ಆದರೆ ಆ ಎತ್ತರದಲ್ಲಿ ಇನ್ನೂ ಮಾರಾಟವಾಗದ ಷೇರಿನ ಕಾಗದದ ಲಾಭವೂ ಸೇರಿದ್ದರೆ ಜಾಗ್ರತೆ ಬೇಕು. ಓಟ ಹಿಂಬಾಲಿಸುವವರು ಓಟ ತಿರುಗಿದ ಮೇಲಷ್ಟೇ ಹೊರಬರುತ್ತಾರಾದ್ದರಿಂದ ಕಾಗದದ ಲಾಭದ ಒಂದು ಪಾಲನ್ನು ಬಿಟ್ಟುಕೊಡುವುದು ಅವರ ವಿಧಾನದ ಸ್ವಭಾವ. ಅದನ್ನೂ ಇಳಿತವೆಂದು ಎಣಿಸಿದರೆ, ಒಳ್ಳೆಯ ಲಾಭ ತಂದ ವಹಿವಾಟೇ ಕಡಿತಕ್ಕೆ ಕಾರಣವಾಗುವ ವಿಚಿತ್ರ ನಡೆಯುತ್ತದೆ. ವರ್ಷಾರಂಭದ ಮೊತ್ತವನ್ನೇ ಆಧಾರವಾಗಿ ಹಿಡಿದದ್ದರಿಂದ ಆಮೆಗಳಿಗೆ ಈ ತೊಡಕು ಬರಲಿಲ್ಲ.

ನಿಯಮಕ್ಕೆ ಮೀರಿದ ಸಂಗತಿಯೂ ಒಂದಿದೆ. 1987ರ ಅಕ್ಟೋಬರ್ 19ರಂದು ಅಮೆರಿಕದ ಷೇರುಪೇಟೆ ಕುಸಿಯಿತು. ಮರುದಿನ ಬೆಳಿಗ್ಗೆ ಅಲ್ಲಿನ ಕೇಂದ್ರ ಬ್ಯಾಂಕ್ ಪೇಟೆಗೆ ಬೇಕಾದ ಹಣ ಒದಗಿಸುವುದಾಗಿ ಹೇಳಿದ್ದೇ ಅಲ್ಪಾವಧಿ ಬಡ್ಡಿದರದ ಫ್ಯೂಚರ್ಸ್ ಬೆಲೆ ಒಮ್ಮೆಲೇ ಮೇಲಕ್ಕೆ ಹಾರಿತು. ಬಡ್ಡಿದರ ಏರುತ್ತದೆ ಎಂದು ಮಾರಿ ಕೂತಿದ್ದವರಿಗೆ ಮೊದಲ ಮೆಟ್ಟಿಲಲ್ಲಿ ನಿಂತು ಗಾತ್ರ ಇಳಿಸಲು ಅವಕಾಶವೇ ಸಿಗಲಿಲ್ಲ. ನಿಂತ ಜಾಗದಿಂದ ಹಲವು ಮೆಟ್ಟಿಲು ಕೆಳಗೆ ಬಿದ್ದರು. ಡೆನಿಸ್ ನಡೆಸುತ್ತಿದ್ದ ಎರಡು ಸಾರ್ವಜನಿಕ ನಿಧಿಗಳು 1987ರ ಕೊನೆಯಿಂದ 1988ರ ಆರಂಭದ ನಡುವೆ ಶೇ 50ರ ನಷ್ಟದ ಗೆರೆ ದಾಟಿದವು. ಆ ಗೆರೆ ಮುಟ್ಟಿದರೆ ವಹಿವಾಟು ತಾನಾಗಿ ನಿಲ್ಲಬೇಕು ಎಂಬ ಷರತ್ತು ನಿಧಿಗಳಿಗಿತ್ತು, ಹಾಗೆಯೇ ನಿಂತಿತು. ಆಮೆಗಳ ತಂಡವೂ 1988ರಲ್ಲಿ ಮುಗಿಯಿತು. ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ ಬರ ಬಿದ್ದು ಧಾನ್ಯ, ಸೋಯಾಬೀನ್ ಬೆಲೆಗಳು ಜೋರಾಗಿ ಓಡಿದವು. ಮುಚ್ಚಿದ ಖಾತೆಗೆ ಅದರಿಂದ ಏನೂ ಬರುವಂತಿರಲಿಲ್ಲ. ಮೆಟ್ಟಿಲುಗಳ ನಿಯಮ ನಿಧಾನದ ಸವೆತದಿಂದ ಕಾಪಾಡಬಲ್ಲದು. ರಾತ್ರೋರಾತ್ರಿ ಆಗುವ ಜಿಗಿತದಿಂದ ಕಾಪಾಡುವುದು, ಒಂದೇ ದಿಕ್ಕಿನಲ್ಲಿ ಒಟ್ಟು ಎಷ್ಟು ಯೂನಿಟ್ ಇರಬಹುದು ಎಂಬ ಬೇರೆ ಮಿತಿಯ ಕೆಲಸ. ಆಮೆಗಳಿಗೆ ಅದು 12 ಆಗಿತ್ತು.

ನಮ್ಮಲ್ಲಿ ಈ ನಿಯಮಕ್ಕೆ ಎದುರಾಗುವ ಅಡ್ಡಿ ಇನ್ನೂ ಸಾದಾ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಒ ವಹಿವಾಟು ನಡೆಸಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದರು. ಅದೇ ವರ್ಷ ಸೂಚ್ಯಂಕದ ಹೊಸ ಕಾಂಟ್ರಾಕ್ಟ್‌ಗಳ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಹೀಗಾಗಿ ನಾಲ್ಕೈದು ಲಕ್ಷದ ಖಾತೆಯವರು ನಿಫ್ಟಿ ಫ್ಯೂಚರ್ಸ್‌ನಲ್ಲಿ ಹಿಡಿಯಬಲ್ಲದ್ದು ಒಂದೇ ಲಾಟ್. ಒಂದು ಲಾಟನ್ನು ಶೇ 20ರಷ್ಟು ಕಡಿಮೆ ಮಾಡಲಾಗದು. ಒಂದೋ ಇಡಬೇಕು, ಇಲ್ಲವೇ ಬಿಡಬೇಕು. ಮೊದಲ ಮೂರು ಮೆಟ್ಟಿಲುಗಳಾದರೂ ನಿಜವಾಗಿ ಕೆಲಸ ಮಾಡಬೇಕಾದರೆ ಪೂರ್ಣ ಗಾತ್ರದಲ್ಲಿ ಕನಿಷ್ಠ ಐದು ಲಾಟ್ ಬೇಕು. ಆಗ ಅದು 5, 4, 3, 2 ಎಂದು ಇಳಿದೀತು. ಅಷ್ಟು ಬಂಡವಾಳ ಇಲ್ಲದವರಿಗೆ ಉಳಿಯುವುದು ಬಿಡಿ ಷೇರುಗಳು ಮತ್ತು ನಿಫ್ಟಿಯನ್ನು ಅನುಸರಿಸುವ ಇಟಿಎಫ್‌ಗಳು. ಅಲ್ಲಿ 250ನ್ನು 200ಕ್ಕೂ, 200ನ್ನು 160ಕ್ಕೂ ಇಳಿಸಲು ಯಾವ ತಡೆಯೂ ಇಲ್ಲ.

ನಿಯಮ ಮುರಿಯುವ ಇನ್ನೊಂದು ಜಾಗ ಬ್ಯಾಂಕ್ ಖಾತೆ. 8.2 ಲಕ್ಷಕ್ಕೆ ಇಳಿದ ಖಾತೆಗೆ ಉಳಿತಾಯದಿಂದ 1.3 ಲಕ್ಷ ತಂದು ಹಾಕಿದರೆ ಪರದೆಯ ಮೇಲೆ 9.5 ಲಕ್ಷ ಕಾಣುತ್ತದೆ. ವಿಧಾನ ಒಂದು ರೂಪಾಯಿಯನ್ನೂ ಗಳಿಸಿಲ್ಲ. ಇದಕ್ಕೆ ಪರಿಹಾರ ಎಲ್ಲ ಗೆರೆಗಳನ್ನೂ ಹಾಕಿದ ಹಣದಷ್ಟೇ ಮೇಲಕ್ಕೆ ಸರಿಸುವುದು: 8.6 ಲಕ್ಷದ ಗೆರೆ 9.9 ಲಕ್ಷವಾಗುತ್ತದೆ, 9.5 ಲಕ್ಷದ್ದು 10.8 ಲಕ್ಷ. ಹಣ ತೆಗೆದಾಗ ಅಷ್ಟೇ ಕೆಳಕ್ಕೆ. ಲೆಕ್ಕದ ಬಂಡವಾಳ ಮಾತ್ರ ಆ ದಿನವೂ 6.4 ಲಕ್ಷದಲ್ಲೇ ಇರುತ್ತದೆ.